ಗುಂಡಿನ ಮಳೆಯಲ್ಲಿ ಆಟ ತಡವರಿಸುವುದೇಕೆ?

1978ರಲ್ಲಿ ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ ಒಂದು ಕಟ್ಟುಪಾಡಿತ್ತು. ಆಟಗಾರ ಹಾರಿಸಿದ ಗುಂಡು ಯಾವುದಕ್ಕಾದರೂ ತಗುಲಬೇಕು, ಇಲ್ಲವೇ ಪರದೆಯ ಮೇಲಂಚು ದಾಟಬೇಕು. ಅಲ್ಲಿಯವರೆಗೆ ಬಟನ್ ಎಷ್ಟು ಕುಟ್ಟಿದರೂ ಎರಡನೆಯ ಗುಂಡು ಹೊರಡುತ್ತಿರಲಿಲ್ಲ. ಮೇಲಿನಿಂದ ಬೀಳುವ ಶತ್ರುಗಳ ಗುಂಡುಗಳೂ ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚಿಲ್ಲ. ಪರದೆಯ ಚಿತ್ರಕ್ಕೆಂದು ಮೀಸಲಾದದ್ದನ್ನು ಬಿಟ್ಟರೆ ಆ ಯಂತ್ರಕ್ಕಿದ್ದ ಕೆಲಸದ ಮೆಮೊರಿ ಒಂದೇ ಒಂದು ಕಿಲೋಬೈಟ್. ಆಟಗಾರನ ಗುಂಡಿಗೆ ಒಂದು ಜಾಗ, ಶತ್ರುಗಳ ಗುಂಡಿಗೆ ಮೂರು ಜಾಗ ಎಂದು ಮೊದಲೇ ಕಾದಿರಿಸಿ, ಆಟ ಮುಗಿಯುವವರೆಗೂ ಆ ಜಾಗಗಳನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ಹೊಸ ಗುಂಡು ಹುಟ್ಟುವ, ಹಳೆಯದು ಸಾಯುವ ಪ್ರಶ್ನೆಯೇ ಅಲ್ಲಿರಲಿಲ್ಲ.

ಹದಿನೈದು ವರ್ಷ ಕಳೆಯುವ ಹೊತ್ತಿಗೆ ಕಥೆ ಬದಲಾಯಿತು. 1993ರ ‘ಬಾಟ್ಸುಗನ್’ ಮತ್ತು ಅದರ ನಂತರ ಬಂದ ಜಪಾನಿ ಆಟಗಳು ಪರದೆಯನ್ನು ಗುಂಡುಗಳಿಂದಲೇ ತುಂಬಿಬಿಟ್ಟವು. ನೂರಾರು ಗುಂಡುಗಳು ಬಳ್ಳಿಯಂತೆ, ಚಕ್ರದಂತೆ ಹರಡಿ ಬರುತ್ತವೆ. ಆಟಗಾರ ಅವುಗಳ ನಡುವಿನ ಸಣ್ಣ ಸಂದಿಯಲ್ಲಿ ನುಸುಳಿಕೊಂಡು ಬದುಕಬೇಕು. ಇಂಥ ಆಟವನ್ನು ಇವತ್ತು ಕಾಲೇಜು ಹುಡುಗರೂ ಮನೆಯ ಲ್ಯಾಪ್‌ಟಾಪಿನಲ್ಲಿ ಯೂನಿಟಿಯಂಥ ಎಂಜಿನ್ ಹಾಕಿಕೊಂಡು ಮಾಡುತ್ತಾರೆ. ಗುಂಡು ಬೇಕೆಂದಾಗ `Instantiate` ಎಂದು ಬರೆದರೆ ಅಚ್ಚಿನಿಂದ ತೆಗೆದಂತೆ ಹೊಸದೊಂದು ಬರುತ್ತದೆ. ಕೆಲಸ ಮುಗಿದ ಮೇಲೆ `Destroy` ಎಂದರೆ ಮಾಯವಾಗುತ್ತದೆ. ಮೊದಲ ಹಂತಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕೊನೆಯ ದೊಡ್ಡ ಶತ್ರು ಬಂದು ಚಕ್ರ ಚಕ್ರವಾಗಿ ಗುಂಡು ಬಿಡತೊಡಗಿದ ಮೇಲೆ ಸಮಸ್ಯೆ ಕಾಣಿಸಿಕೊಳ್ಳುತ್ತದೆ. ಹದಿನೈದು ಹದಿನಾರು ಸೆಕೆಂಡಿಗೊಮ್ಮೆ ಇಡೀ ಆಟ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತು, ಮತ್ತೆ ಮುಂದಕ್ಕೆ ಜಿಗಿಯುತ್ತದೆ.

ಕಣ್ಣು ಮಿಟುಕಿಸುವಷ್ಟು ಹೊತ್ತು ತಾನೇ ಎಂದು ಬಿಡುವಂತಿಲ್ಲ. ಸಾಮಾನ್ಯ ಫೋನಿನ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ತೋರಿಸುತ್ತದೆ, ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡು. ಈ ಒಂದೊಂದು ಚಿತ್ರವನ್ನು ಫ್ರೇಮ್ ಎನ್ನುತ್ತಾರೆ. ಆಟದ ಲೆಕ್ಕಾಚಾರ, ಚಿತ್ರ ಬಿಡಿಸುವ ಕೆಲಸ ಎಲ್ಲ ಸೇರಿ 11 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದರೆ ಆಟ ನಯವಾಗಿ ಓಡುತ್ತದೆ. ಒಂದೇ ಒಂದು ಫ್ರೇಮಿನಲ್ಲಿ ಇನ್ನೊಂದು 20 ಮಿಲಿಸೆಕೆಂಡಿನ ಕೆಲಸ ನುಗ್ಗಿತೆನ್ನಿ, ಮೊತ್ತ 31 ಆಯಿತು. ಹೊಸ ಚಿತ್ರ ಸಮಯಕ್ಕೆ ಸಿದ್ಧವಿಲ್ಲದ್ದರಿಂದ ಪರದೆ ಹಳೆಯದನ್ನೇ ಇನ್ನೊಂದು ಸಲ ತೋರಿಸುತ್ತದೆ. ಸೆಕೆಂಡಿಗೆ 600 ಪಿಕ್ಸೆಲ್ ವೇಗದ ಗುಂಡು ಪ್ರತಿ ಫ್ರೇಮಿಗೆ 10 ಪಿಕ್ಸೆಲ್ ಸರಿಯುತ್ತಿದ್ದದ್ದು ಈಗ ಇದ್ದಲ್ಲೇ ನಿಂತು, ಆಮೇಲೆ ಒಮ್ಮೆಲೇ 20 ಪಿಕ್ಸೆಲ್ ಹಾರುತ್ತದೆ. ಸಂದಿಯ ಅಗಲವೇ ಅಷ್ಟಿರುವ ಆಟದಲ್ಲಿ ಇದು ಆಟಗಾರನನ್ನು ಕೊಂದುಹಾಕುತ್ತದೆ. ಅವನು ಬೈಯುವುದು ನ್ಯಾಯವೇ.

ಆ 20 ಮಿಲಿಸೆಕೆಂಡನ್ನು ನುಂಗಿದ್ದು ಯಾವುದು? ಯೂನಿಟಿಯಲ್ಲಿ ಆಟದ ತರ್ಕವನ್ನು ಸಿ ಶಾರ್ಪ್ ಭಾಷೆಯಲ್ಲಿ ಬರೆಯುತ್ತಾರೆ. ಈ ಭಾಷೆಯಲ್ಲಿ ಮೆಮೊರಿಯನ್ನು ಕೇಳಿ ಪಡೆಯುವುದು ಪ್ರೋಗ್ರಾಮರ್ ಕೆಲಸ, ಬೇಡವಾದದ್ದನ್ನು ಹುಡುಕಿ ವಾಪಸು ಪಡೆಯುವುದು ಭಾಷೆಯ ಒಳಗಿರುವ ಗಾರ್ಬೇಜ್ ಕಲೆಕ್ಟರ್ ಎಂಬ ವ್ಯವಸ್ಥೆಯ ಕೆಲಸ. ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ಈ ಉಪಾಯವನ್ನು ಕಂಡುಕೊಂಡು, 1960ರ ತಮ್ಮ ಪ್ರಬಂಧದಲ್ಲಿ ವಿವರಿಸಿದ್ದರು. ಅದರ ತಿರುಳು ಇಂದಿಗೂ ಹಾಗೇ ಇದೆ. ಪ್ರೋಗ್ರಾಂ ನೇರವಾಗಿ ಹಿಡಿದಿಟ್ಟುಕೊಂಡಿರುವ ವಸ್ತುಗಳಿಂದ ಹೊರಟು, ಅವು ಯಾವುದನ್ನು ಬೊಟ್ಟುಮಾಡುತ್ತವೆ, ಆ ವಸ್ತುಗಳು ಮತ್ತೆ ಯಾವುದನ್ನು ಬೊಟ್ಟುಮಾಡುತ್ತವೆ ಎಂದು ಕೊನೆಯವರೆಗೂ ಹಿಂಬಾಲಿಸಿ ಒಂದೊಂದಕ್ಕೂ ಗುರುತು ಹಾಕುವುದು. ಗುರುತು ಬೀಳದೆ ಉಳಿದದ್ದೆಲ್ಲ ಕಸ, ಅದರ ಜಾಗ ಮರುಬಳಕೆಗೆ ಸಿಗುತ್ತದೆ. ಗುರುತು ಹಾಕುವ ಹೊತ್ತಿನಲ್ಲಿ ಆಟ ತನ್ನ ವಸ್ತುಗಳನ್ನು ಅತ್ತಿತ್ತ ಬದಲಾಯಿಸಿದರೆ ಲೆಕ್ಕ ತಪ್ಪುವುದರಿಂದ, ಎಲ್ಲವನ್ನೂ ನಿಲ್ಲಿಸಿಯೇ ಇದು ನಡೆಯುತ್ತದೆ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಕಲೆಕ್ಟರ್‌ನ ಹೆಚ್ಚಿನ ಸಮಯ ಹೋಗುವುದು ಕಸ ಎತ್ತುವುದರಲ್ಲಲ್ಲ, ಬದುಕಿರುವ ವಸ್ತುಗಳಿಗೆ ಗುರುತು ಹಾಕುತ್ತ ತಿರುಗುವುದರಲ್ಲಿ. ಸತ್ತ ಗುಂಡುಗಳು ನೂರಿರಲಿ ಸಾವಿರವಿರಲಿ, ಒಂದು ಸಲದ ನಿಲುಗಡೆ ಎಷ್ಟು ಉದ್ದ ಎಂಬುದನ್ನು ಮುಖ್ಯವಾಗಿ ತೀರ್ಮಾನಿಸುವುದು ಆಟದಲ್ಲಿ ಉಳಿದ ಎಷ್ಟು ವಸ್ತುಗಳು ಜೀವಂತ ಇವೆ ಎಂಬುದು. ನಿಲುಗಡೆ ಎಷ್ಟು ಬೇಗ ಬೇಗ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಕಸ ಬೀಳುವ ವೇಗ. ಉದ್ದ ಬೇರೆ, ಅಂತರ ಬೇರೆ. ಪೂಲಿಂಗ್ ಎಂಬ ಮದ್ದು ಎರಡನೆಯದಕ್ಕೆ ಮಾತ್ರ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳದೆ ಪೂಲ್ ಕಟ್ಟಿದವರು ‘ಮಾಡಿದೆ, ಆದರೂ ನಿಲ್ಲುತ್ತದೆ’ ಎಂದು ಗೊಣಗುತ್ತಾರೆ.

ಯೂನಿಟಿ ಬಹುಕಾಲದಿಂದ ಬಳಸುತ್ತ ಬಂದಿರುವುದು ಬೋಮ್ ಕಲೆಕ್ಟರ್ ಎಂಬುದನ್ನು. ಡೆಸ್ಕ್‌ಟಾಪಿನ ಡಾಟ್‌ನೆಟ್‌ನಲ್ಲಿರುವ ಕಲೆಕ್ಟರ್ ಈಗಷ್ಟೇ ಹುಟ್ಟಿದ ವಸ್ತುಗಳನ್ನು ಪ್ರತ್ಯೇಕವಾಗಿಟ್ಟು, ಹೆಚ್ಚಿನ ಸಲ ಅಷ್ಟನ್ನೇ ಪರೀಕ್ಷಿಸಿ ಮುಗಿಸುತ್ತದೆ. ಬೋಮ್‌ಗೆ ಈ ಹಿರಿಯ ಕಿರಿಯರ ಭೇದವಿಲ್ಲ, ಪ್ರತಿ ಸಲವೂ ಇಡೀ ಸಂಸಾರದ ತಲೆ ಎಣಿಸುತ್ತದೆ. ನಾಲ್ಕೈದು ಸೆಕೆಂಡು ಬದುಕಿ ಸಾಯುವ ಗುಂಡುಗಳಿಗಾಗಿ, ಆಟದ ಮೊದಲಿನಿಂದ ಕೂತಿರುವ ನಕ್ಷೆ, ಮೆನು, ಪಾತ್ರಗಳ ಪಟ್ಟಿಯನ್ನೆಲ್ಲ ಅದು ಮತ್ತೊಮ್ಮೆ ನೋಡಿ ಬರಬೇಕು.

ಈಗ ನಮ್ಮ ದೊಡ್ಡ ಶತ್ರುವಿನ ಲೆಕ್ಕ ಹಾಕೋಣ. ಅವನು ಸೆಕೆಂಡಿಗೆ 3 ಚಕ್ರ ಬಿಡುತ್ತಾನೆ, ಒಂದೊಂದರಲ್ಲಿ 36 ಗುಂಡು. ಸೆಕೆಂಡಿಗೆ 108 ಆಯಿತು. ಯೂನಿಟಿಯಲ್ಲಿ ಗುಂಡಿನ ಬಹುಪಾಲು ಎಂಜಿನ್ನಿನ ಸಿ ಪ್ಲಸ್ ಪ್ಲಸ್ ಭಾಗದಲ್ಲಿರುತ್ತದೆ, ಅದಕ್ಕೂ ಕಲೆಕ್ಟರ್‌ಗೂ ಸಂಬಂಧವಿಲ್ಲ. ಸಿ ಶಾರ್ಪ್ ಕಡೆ ಉಳಿಯುವುದು ಅದಕ್ಕೆ ಅಂಟಿಸಿದ ಸ್ಕ್ರಿಪ್ಟ್, ಸ್ಕ್ರಿಪ್ಟ್ ಇಟ್ಟುಕೊಂಡ ಪಟ್ಟಿ, ‘ಐದು ಸೆಕೆಂಡಿನ ನಂತರ ಅಳಿಸು’ ಎಂದು ಹೂಡಿದ ಕೊರೂಟೀನ್ ಇಂಥವು. ಇವೆಲ್ಲ ಸೇರಿ ಗುಂಡಿಗೆ 600 ಬೈಟ್ ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 65 ಕಿಲೋಬೈಟ್ ಕಸ. ಕಲೆಕ್ಟರ್ ಬಳಿ ಒಂದು ಮೆಗಾಬೈಟ್ ಖಾಲಿ ಜಾಗವಿದ್ದರೆ ಅದು 16 ಸೆಕೆಂಡಿನಲ್ಲಿ ತುಂಬುತ್ತದೆ. ತುಂಬಿದೊಡನೆ ಆಟ ನಿಲ್ಲುತ್ತದೆ. ತಡವರಿಕೆ ಗಡಿಯಾರ ಇಟ್ಟಂತೆ ಬರುವುದು ಇದಕ್ಕೇ.

ಒಂದು ಮೆಗಾಬೈಟ್ ಎಂಬುದನ್ನು ನಾನು ಸುಮ್ಮನೆ ಆರಿಸಲಿಲ್ಲ. 2006ರ ಕೊನೆಗೆ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಹವ್ಯಾಸಿಗಳೂ ಸಿ ಶಾರ್ಪ್‌ನಲ್ಲಿ ಆಟ ಬರೆಯಲೆಂದು ಎಕ್ಸ್‌ಎನ್‌ಎ ಎಂಬ ಸಲಕರಣೆ ಕೊಟ್ಟಿತು. ಅದರ ಒಳಗಿದ್ದ ಕಲೆಕ್ಟರ್ ಪ್ರತಿ ಒಂದು ಮೆಗಾಬೈಟ್ ಹೊಸ ಮೆಮೊರಿ ಪಡೆದಾಗಲೂ ಕಡ್ಡಾಯವಾಗಿ ಎದ್ದು ಕೂರುತ್ತಿತ್ತು, ಅದಕ್ಕೂ ಹಿರಿಯ ಕಿರಿಯರ ಭೇದವಿರಲಿಲ್ಲ. ಗುಂಡುಗಳನ್ನು ಮರುಬಳಸುವ ಪಾಠವನ್ನು ಹವ್ಯಾಸಿಗಳ ಒಂದು ತಲೆಮಾರು ಆ ಯಂತ್ರದ ಮುಂದೆ ಕೂತೇ ಕಲಿತದ್ದು.

ಆದರೆ ತಡವರಿಸಿದ್ದೆಲ್ಲ ಕಸದ ತಪ್ಪಲ್ಲ. ಪೂಲ್ ಕಟ್ಟಲು ಹೊರಡುವ ಮುನ್ನ ನೋಡಿಕೊಳ್ಳಬೇಕು. ಮೊದಲನೆಯ ಗುಂಡು ಹಾರಿದಾಗ ಮಾತ್ರ ಆಟ ನಿಂತು ಆಮೇಲೆ ಸರಿಹೋದರೆ, ಅದು ಆಗಷ್ಟೇ ಲೋಡ್ ಆದ ಶಬ್ದವೋ ಶೇಡರೋ ಇರಬೇಕು. ಪರದೆಯ ಮೇಲೆ ಗುಂಡು ಹೆಚ್ಚಾದಷ್ಟೂ ಆಟ ಸಮಸಮನಾಗಿ ನಿಧಾನವಾಗುತ್ತಿದ್ದರೆ ಅದು ಚಿತ್ರ ಬಿಡಿಸುವ ಇಲ್ಲವೇ ಡಿಕ್ಕಿ ಪರೀಕ್ಷಿಸುವ ಭಾರ. ಹತ್ತು ನಿಮಿಷ ಆಡಿದ ಮೇಲೆ ಶುರುವಾದರೆ ಫೋನು ಬಿಸಿಯಾಗಿದೆ. ಉಳಿದಂತೆ ಎಲ್ಲ ನೆಟ್ಟಗಿದ್ದು, ಒಂದೇ ಅಂತರದಲ್ಲಿ ಒಂದೊಂದು ಫ್ರೇಮ್ ಮಾತ್ರ ಮುಗ್ಗರಿಸುತ್ತಿದ್ದರೆ ಆಗ ಕಲೆಕ್ಟರ್ ಮೇಲೆ ಅನುಮಾನಪಡಿ. ಯೂನಿಟಿಯ ಪ್ರೊಫೈಲರ್ ತೆರೆದು ಆ ಎತ್ತರದ ಕಂಬದ ಮೇಲೆ ಕ್ಲಿಕ್ ಮಾಡಿದರೆ `GC.Collect` ಎಂಬ ಹೆಸರು ಎದ್ದು ಕಾಣಬೇಕು. ಮೆಮೊರಿಯ ಗೆರೆ ಗರಗಸದ ಹಲ್ಲಿನಂತೆ ಏರುತ್ತ ಹೋಗಿ ಧಡಕ್ಕನೆ ಇಳಿಯಬೇಕು, ಆ ಇಳಿತಕ್ಕೂ ತಡವರಿಕೆಗೂ ತಾಳೆಯಾಗಬೇಕು. ಉಳಿದ ಫ್ರೇಮುಗಳಲ್ಲಿ `GC Alloc` ಎಂಬ ಕಾಲಂ ಯಾವ ಕೆಲಸ ಎಷ್ಟು ಬೈಟ್ ಹುಟ್ಟಿಸುತ್ತಿದೆ ಎಂದು ಹೇಳುತ್ತದೆ. ಇದನ್ನು ಎಡಿಟರ್ ಒಳಗೆ ನೋಡಿ ನಂಬಬೇಡಿ. ಎಡಿಟರ್ ತನ್ನದೇ ಕಸವನ್ನೂ ಸೇರಿಸುತ್ತದೆ. ಡೆವಲಪ್‌ಮೆಂಟ್ ಬಿಲ್ಡ್ ಮಾಡಿ ಫೋನಿಗೆ ಹಾಕಿ, ಅಲ್ಲಿಂದ ಅಳೆಯಬೇಕು.

ಆಬ್ಜೆಕ್ಟ್ ಪೂಲ್ ಎಂದರೆ ನಮ್ಮ ಕಡೆಯ ಬಾಡಿಗೆ ಪಾತ್ರೆ ಅಂಗಡಿಯಂತೆ. ಮದುವೆಗೆಂದು ಯಾರೂ ಹೊಸ ಕೊಳದಪ್ಪಲೆ ಎರಕ ಹೊಯ್ಯಿಸಿ ಮರುದಿನ ಗುಜರಿಗೆ ಹಾಕುವುದಿಲ್ಲ. ಅಂಗಡಿಯಿಂದ ತರುತ್ತಾರೆ, ತೊಳೆದು ವಾಪಸು ಕೊಡುತ್ತಾರೆ, ಅದೇ ಪಾತ್ರೆ ಮುಂದಿನ ವಾರ ಇನ್ನೊಬ್ಬರ ಮನೆಗೆ ಹೋಗುತ್ತದೆ. ಆಟ ಶುರುವಾಗುವ ಮುನ್ನವೇ ಬೇಕಾದಷ್ಟು ಗುಂಡುಗಳನ್ನು ಹುಟ್ಟಿಸಿ ನಿಷ್ಕ್ರಿಯವಾಗಿ ಒಂದು ಕಡೆ ಪೇರಿಸಿಡುವುದು, ಬೇಕಾದಾಗ ಒಂದನ್ನು ಎತ್ತಿಕೊಂಡು ಜಾಗಕ್ಕಿಟ್ಟು ಎಚ್ಚರಿಸುವುದು, ಕೆಲಸ ಮುಗಿದರೆ ಅಳಿಸದೆ ಮಲಗಿಸಿ ವಾಪಸು ಪೇರಿಸುವುದು. ಹೊಸದು ಹುಟ್ಟುವುದಿಲ್ಲವಾದ್ದರಿಂದ ಕಸ ಬೀಳುವುದಿಲ್ಲ.

ಇದನ್ನು ಹಿಂದೆ ಪ್ರತಿಯೊಬ್ಬರೂ ತಾವೇ ಬರೆದುಕೊಳ್ಳುತ್ತಿದ್ದರು. ಯೂನಿಟಿ 2021ರ ಆವೃತ್ತಿಯಿಂದ `UnityEngine.Pool` ಎಂಬ ಹೆಸರಿನಲ್ಲಿ ಸಿದ್ಧವಾಗಿಯೇ ಕೊಡುತ್ತಿದೆ:

```csharp
pool = new ObjectPool<Bullet>(
    createFunc: () => Instantiate(prefab),
    actionOnGet: null,
    actionOnRelease: b => b.gameObject.SetActive(false),
    actionOnDestroy: b => Destroy(b.gameObject),
    collectionCheck: true,
    defaultCapacity: 640,
    maxSize: 1000);
```

ಈ 640 ಎಲ್ಲಿಂದ ಬಂತು? ಗುಂಡುಗಳು ಹುಟ್ಟುವ ವೇಗವನ್ನು ಅವುಗಳ ಆಯುಷ್ಯದಿಂದ ಗುಣಿಸಿದರೆ ಒಂದು ಹೊತ್ತಿಗೆ ಎಷ್ಟು ಜೀವಂತ ಇರುತ್ತವೆ ಎಂಬುದು ಸಿಗುತ್ತದೆ. ಸೆಕೆಂಡಿಗೆ 108 ಗುಂಡು, ಪರದೆ ದಾಟಲು 5 ಸೆಕೆಂಡು ಎಂದರೆ 540. ಆಟಗಾರನದು ಸೆಕೆಂಡಿಗೆ 12 ಗುಂಡು, ಒಂದು ಸೆಕೆಂಡಿನ ಆಯುಷ್ಯ, ಅದು ಬರೀ 12. ಎರಡೂ ಒಂದೇ ಅಚ್ಚಿನ ಗುಂಡಾಗಿದ್ದರೆ 552, ಮೇಲೊಂದಿಷ್ಟು ಹೆಚ್ಚುವರಿ ಸೇರಿಸಿ 640. ಬೇರೆ ಬೇರೆ ಅಚ್ಚಾದರೆ ಬೇರೆ ಬೇರೆ ಪೂಲ್. ಊಹೆಯ ಲೆಕ್ಕ ಸಾಲದು ಎನಿಸಿದರೆ ಪೂಲಿನ `CountActive` ಸಂಖ್ಯೆಯನ್ನು ಪರದೆಯ ಮೂಲೆಯಲ್ಲಿ ತೋರಿಸಿಕೊಂಡು, ಅತಿ ಕಠಿಣ ಹಂತವನ್ನು ಆಡಿ, ಅದು ಏರಿದ ಗರಿಷ್ಠವನ್ನು ಬರೆದುಕೊಂಡರಾಯಿತು.

ಮೇಲಿನ ಕೋಡ್ ಬರೆದ ಹಲವರು ಪೂಲಿನಲ್ಲಿ 640 ಗುಂಡು ತಯಾರಾಗಿ ಕೂತಿವೆ ಎಂದುಕೊಳ್ಳುತ್ತಾರೆ. ಒಂದೂ ಇರುವುದಿಲ್ಲ. `defaultCapacity` ಎಂಬುದು ಪೇರಿಸಿಡುವ ಕಪಾಟಿನ ಗಾತ್ರ ಮಾತ್ರ, ಅದರೊಳಗಿನ ಸರಕಲ್ಲ. ಕಪಾಟು ಖಾಲಿಯಿದ್ದಾಗ ಕೇಳಿದರೆ ಪೂಲ್ ಸದ್ದಿಲ್ಲದೆ `Instantiate` ಮಾಡಿ ಕೊಡುತ್ತದೆ. ದೊಡ್ಡ ಶತ್ರುವಿನ ಮೊದಲ ಚಕ್ರದಲ್ಲೇ 36 ಗುಂಡು ಒಂದೇ ಫ್ರೇಮಿನಲ್ಲಿ ಹುಟ್ಟಬೇಕಾಗುತ್ತದೆ. ಒಂದಕ್ಕೆ 0.1 ಮಿಲಿಸೆಕೆಂಡು ಹಿಡಿದರೂ 3.6 ಆಯಿತು, 16.7ರಲ್ಲಿ ಅದು ಸಣ್ಣ ಪಾಲೇನಲ್ಲ. ಕಸದ ಮಾತು ಬಿಟ್ಟರೂ ಹುಟ್ಟಿಸುವ ಕೆಲಸವೇ ದುಬಾರಿ. ಅದಕ್ಕೇ ಲೋಡಿಂಗ್ ಪರದೆ ಇರುವಾಗಲೇ ಮುಗಿಸಿಬಿಡಬೇಕು:

```csharp
var temp = new List<Bullet>(640);
for (int i = 0; i < 640; i++) temp.Add(pool.Get());
foreach (var b in temp) pool.Release(b);
```

ಮೊದಲು ಎಲ್ಲವನ್ನೂ ತೆಗೆದುಕೊಂಡು, ಆಮೇಲೆ ಎಲ್ಲವನ್ನೂ ವಾಪಸು ಕೊಡುತ್ತಿರುವುದನ್ನು ಗಮನಿಸಿ. ಒಂದು ತೆಗೆದು ಒಂದು ಕೊಟ್ಟು ಮಾಡಿದರೆ 640 ಸಲವೂ ಅದೇ ಒಂದು ಗುಂಡು ಹೋಗಿ ಬಂದಿರುತ್ತದೆ.

`maxSize` ಇನ್ನೊಂದು ಗುಂಡಿ. ಕಪಾಟಿನಲ್ಲಿ ಅಷ್ಟು ತುಂಬಿದ ಮೇಲೆ ವಾಪಸು ಬರುವ ಗುಂಡುಗಳನ್ನು ಪೂಲ್ ಇಟ್ಟುಕೊಳ್ಳದೆ ನಾಶ ಮಾಡುತ್ತದೆ. ಮಿತವ್ಯಯ ಮಾಡೋಣವೆಂದು ಅದನ್ನು 100ಕ್ಕೆ ಇಟ್ಟರೆ, ಹೆಸರಿಗೆ ಪೂಲ್ ಇದ್ದೂ ಪ್ರತಿ ಅಲೆಯಲ್ಲಿ ನೂರಾರು ಗುಂಡು ಹುಟ್ಟಿ ಸಾಯುತ್ತಿರುತ್ತವೆ, ಗರಗಸದ ಗೆರೆ ಹಾಗೇ ಉಳಿಯುತ್ತದೆ.

ಇಷ್ಟಾದರೂ ಲೆಕ್ಕ ಮೀರಿ ಪೂಲ್ ಖಾಲಿಯಾದರೆ ಏನು ಮಾಡುವುದು ಎಂಬುದನ್ನು ಆಟದ ದೃಷ್ಟಿಯಿಂದ ನಿರ್ಧರಿಸಬೇಕು, ಪ್ರೋಗ್ರಾಮಿನ ದೃಷ್ಟಿಯಿಂದಲ್ಲ. ಗುಂಡು ತಗುಲಿದಾಗ ಚಿಮ್ಮುವ ಕಿಡಿಗಳಾದರೆ ಕೊಡದೆ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಶತ್ರುವಿನ ಗುಂಡನ್ನು ಹಾಗೆ ನುಂಗಿದರೆ ಚಕ್ರದಲ್ಲಿ ಬಿರುಕು ಕಾಣಿಸುತ್ತದೆ, ಹಳೆಯದೊಂದನ್ನು ಕಿತ್ತುಕೊಂಡರೆ ಪರದೆಯ ನಡುವೆ ಗುಂಡು ಮಾಯವಾಗುತ್ತದೆ. ಅಲ್ಲಿ ಹೊಸದನ್ನು ಹುಟ್ಟಿಸಿ, ಲಾಗ್‌ನಲ್ಲಿ ಒಂದು ಸಾಲು ಬರೆದಿಟ್ಟು, ಮರುದಿನ ಪೂಲಿನ ಗಾತ್ರ ಹೆಚ್ಚಿಸುವುದೇ ವಾಸಿ.

ಈಗ ತೊಳೆಯುವ ಕೆಲಸಕ್ಕೆ ಬರೋಣ. ಪೂಲಿಂಗ್‌ನಲ್ಲಿ ಬರುವ ತೊಂದರೆಗಳಲ್ಲಿ ಬಹುಪಾಲು ಇಲ್ಲೇ ಹುಟ್ಟುತ್ತವೆ. ಹೊಸದಾಗಿ ಹುಟ್ಟಿದ ಗುಂಡಿಗೆ ಪೂರ್ವಜನ್ಮವಿಲ್ಲ, ಪೂಲಿನಿಂದ ಬಂದದ್ದಕ್ಕೆ ಇದೆ. ಹಿಂದಿನ ವೇಗ, ಬಣ್ಣ, ಎಷ್ಟು ಹೊತ್ತು ಬದುಕಿದೆ ಎಂಬ ಎಣಿಕೆ, ‘ನಾನು ಈಗಾಗಲೇ ತಗುಲಿಯಾಗಿದೆ’ ಎಂಬ ಗುರುತು, ಎಲ್ಲ ಹಾಗೇ ಅಂಟಿಕೊಂಡಿರುತ್ತವೆ. ಆಯುಷ್ಯದ ಎಣಿಕೆ ಮರೆತರೆ ಗುಂಡು ಕೊಳವೆಯಿಂದ ಹೊರಬಿದ್ದ ಕ್ಷಣವೇ ಮಾಯವಾಗುತ್ತದೆ. ಬಾಲ ಬಿಡುವ ಗುಂಡಾದರೆ ಇನ್ನೂ ತಮಾಷೆ: ಹಿಂದೆ ಸತ್ತ ಜಾಗದಿಂದ ಈಗ ಹುಟ್ಟಿದ ಜಾಗದವರೆಗೆ ಪರದೆಗೆ ಅಡ್ಡಲಾಗಿ ಒಂದು ಉದ್ದನೆಯ ಗೆರೆ ಮಿಂಚಿ ಮರೆಯಾಗುತ್ತದೆ. ಈ ಗೆರೆ ಕಂಡಿತೆಂದರೆ ಬೇರೇನೂ ಹುಡುಕಬೇಕಿಲ್ಲ, ಪೂಲಿನ ಗುಂಡಿನ ಬಾಲ ಒರೆಸಿಲ್ಲ ಎಂದೇ ಅರ್ಥ. ಕೋಡ್‌ನಲ್ಲಿ `actionOnGet` ಜಾಗವನ್ನು ಖಾಲಿ ಬಿಟ್ಟದ್ದು ಇದಕ್ಕಾಗಿ. ಅಲ್ಲೇ ಎಚ್ಚರಿಸಿಬಿಟ್ಟರೆ ಗುಂಡು ಹಳೆಯ ಜಾಗದಲ್ಲಿ ಕಣ್ಣು ಬಿಡುತ್ತದೆ. ಮೊದಲು ಹೊಸ ಜಾಗಕ್ಕೆ ಒಯ್ದು, ಎಲ್ಲ ಒರೆಸಿ, ಆಮೇಲೆ ಎಚ್ಚರಿಸಬೇಕು:

```csharp
public void Fire(Vector3 pos, Vector2 dir) {
    transform.position = pos;
    velocity = dir * speed;
    age = 0f;
    alive = true;
    gameObject.SetActive(true);
    trail.Clear();
}
```

ಹೂಡಿಟ್ಟ ಕೆಲಸಗಳ ವಿಷಯದಲ್ಲೂ ಎಚ್ಚರ ಬೇಕು. ಗುಂಡನ್ನು ನಿಷ್ಕ್ರಿಯಗೊಳಿಸಿದಾಗ ಅದರ ಮೇಲೆ ಓಡುತ್ತಿದ್ದ ಕೊರೂಟೀನ್ ತಾನಾಗಿ ನಿಲ್ಲುತ್ತದೆ, ಆದರೆ `Invoke` ಬಳಸಿ ‘ಐದು ಸೆಕೆಂಡಿಗೆ ಅಳಿಸು’ ಎಂದಿದ್ದರೆ ಅದು ನಿಲ್ಲುವುದಿಲ್ಲ. ಎರಡನೆಯ ಸೆಕೆಂಡಿಗೇ ತಗುಲಿ ಪೂಲಿಗೆ ಮರಳಿ, ನಾಲ್ಕನೆಯ ಸೆಕೆಂಡಿಗೆ ಹೊಸ ಜನ್ಮ ಪಡೆದ ಗುಂಡನ್ನು ಐದನೆಯ ಸೆಕೆಂಡಿಗೆ ಹಳೆಯ ಗಡುವು ಬಂದು ಎತ್ತಿಕೊಂಡು ಹೋಗುತ್ತದೆ. `age` ಎಂಬ ಸರಳ ಎಣಿಕೆಯನ್ನು ಪ್ರತಿ ಫ್ರೇಮಿನಲ್ಲಿ ಹೆಚ್ಚಿಸಿ ನೋಡುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ನೇರ ದಾರಿ, ಅದರಿಂದ ಕಸವೂ ಬೀಳುವುದಿಲ್ಲ.

ತೊಳೆಯದ್ದಕ್ಕಿಂತ ಕೆಟ್ಟದ್ದು ಒಂದೇ ಗುಂಡನ್ನು ಎರಡು ಸಲ ವಾಪಸು ಕೊಡುವುದು. ಒತ್ತೊತ್ತಾಗಿ ನಿಂತ ಇಬ್ಬರು ಶತ್ರುಗಳಿಗೆ ಒಂದು ಗುಂಡು ಒಂದೇ ಹೊತ್ತಿಗೆ ತಗುಲುತ್ತದೆ. ಡಿಕ್ಕಿಯ ಸುದ್ದಿ ಎರಡು ಸಲ ಬರುತ್ತದೆ, ಎರಡು ಸಲವೂ `Release` ಆಗುತ್ತದೆ. ಈಗ ಕಪಾಟಿನಲ್ಲಿ ಆ ಒಂದು ಗುಂಡು ಎರಡು ಕಡೆ ನಮೂದಾಗಿದೆ. ಮುಂದೆ ಎಡಗಡೆಯ ಫಿರಂಗಿ ಗುಂಡು ಕೇಳಿದಾಗ ಅದನ್ನೇ ಕೊಡುತ್ತದೆ, ಬಲಗಡೆಯದು ಕೇಳಿದಾಗಲೂ ಅದನ್ನೇ. ಎಡದಿಂದ ಹೊರಟ ಗುಂಡು ದಾರಿಯ ನಡುವೆ ಕಾಣೆಯಾಗಿ ಬಲದಿಂದ ಹೊರಬೀಳುತ್ತದೆ. ಕಾರಣ ನಡೆದು ಎಷ್ಟೋ ಸೆಕೆಂಡಿನ ನಂತರ ಪರಿಣಾಮ ಕಾಣುವುದರಿಂದ ಇದನ್ನು ಪತ್ತೆಹಚ್ಚುವುದು ತಲೆನೋವು. `collectionCheck` ಇರುವುದು ಇದನ್ನು ಹಿಡಿಯಲಿಕ್ಕೆ. ಕಪಾಟಿನಲ್ಲಿ ಆಗಲೇ ಇರುವುದನ್ನು ಮತ್ತೆ ಕೊಡಹೋದರೆ ಅದು ದೋಷ ಎಸೆಯುತ್ತದೆ. ಆದರೆ ಅದೊಂದು ಕಾವಲು ಮಾತ್ರ. ಪರಿಹಾರವೆಂದರೆ ಗುಂಡಿನ ಒಳಗಿನ ಗುರುತು:

```csharp
void Retire() {
    if (!alive) return;
    alive = false;
    pool.Release(this);
}
```

ಇದರ ದೂರದ ಸಂಬಂಧಿ ಇನ್ನೊಂದಿದೆ. ಬೆನ್ನಟ್ಟುವ ಕ್ಷಿಪಣಿಯೊಂದು ತನ್ನ ಗುರಿಯಾದ ಶತ್ರುವನ್ನು ನೆನಪಿಟ್ಟುಕೊಂಡಿರುತ್ತದೆ. ಶತ್ರುಗಳೂ ಪೂಲಿನವರೇ ಆಗಿದ್ದರೆ, ಆ ಶತ್ರು ಸತ್ತು, ಪರದೆಯ ಇನ್ನೊಂದು ತುದಿಯಲ್ಲಿ ಬೇರೆ ಶತ್ರುವಾಗಿ ಹುಟ್ಟುತ್ತಾನೆ. ಕ್ಷಿಪಣಿಯ ಪಾಲಿಗೆ ಅವನು ಅದೇ ವಸ್ತು, ಗಕ್ಕನೆ ಅತ್ತ ತಿರುಗುತ್ತದೆ. ಪ್ರತಿ ಜನ್ಮಕ್ಕೂ ಒಂದೊಂದು ಹೆಚ್ಚುವ ಸಂಖ್ಯೆಯನ್ನು ಶತ್ರುವಿನಲ್ಲಿಟ್ಟು, ಕ್ಷಿಪಣಿ ಹೊರಟಾಗ ಇದ್ದ ಸಂಖ್ಯೆ ಈಗಲೂ ಅದೇ ಇದೆಯೇ ಎಂದು ನೋಡಿದರೆ ಈ ಎಡವಟ್ಟು ತಪ್ಪುತ್ತದೆ.

ಎಲ್ಲ ಮುಗಿಸಿ ಮತ್ತೆ ಫೋನಿನಲ್ಲಿ ಅಳೆದಾಗ ಗುಂಡುಗಳ `GC Alloc` ಸೊನ್ನೆಗೆ ಬಂದಿರುತ್ತದೆ. ಆದರೂ ಅಪರೂಪಕ್ಕೊಮ್ಮೆ ಆಟ ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಉಳಿದ ಕಳ್ಳ ಪರದೆಯ ಮೂಲೆಯ ಅಂಕಪಟ್ಟಿ. ಅಲ್ಲಿ ಪ್ರತಿ ಫ್ರೇಮಿನಲ್ಲೂ `"Score: " + score` ಎಂದು ಹೊಸ ಪಠ್ಯ ಹುಟ್ಟುತ್ತಿದೆ. ಒಂದು ಸಲಕ್ಕೆ 80 ಬೈಟ್ ಎಂದರೂ ಸೆಕೆಂಡಿಗೆ 60 ಸಲ, ಸುಮಾರು 5 ಕಿಲೋಬೈಟ್. ಮೆಗಾಬೈಟ್ ತುಂಬಲು ಮೂರೂವರೆ ನಿಮಿಷ ಬೇಕು. ಹದಿನಾರು ಸೆಕೆಂಡಿಗೆ ಹೋಲಿಸಿದರೆ ದೊಡ್ಡ ಗೆಲುವು, ಆದರೆ ಆಗ ಬರುವ ಒಂದು ನಿಲುಗಡೆ ಮೊದಲಿಗಿಂತ ತುಸು ಉದ್ದವೇ ಇರುತ್ತದೆ. ಏಕೆಂದರೆ ಪರದೆ ಖಾಲಿಯಿರುವಾಗಲೂ ಮಲಗಿರುವ 640 ಗುಂಡುಗಳು ಕಲೆಕ್ಟರ್ ಕಣ್ಣಿಗೆ ಬದುಕಿರುವವೇ, ಅವುಗಳಿಗೂ ಗುರುತು ಹಾಕಬೇಕು. ಅರ್ಧ ಮಾಡಿದ ಪೂಲಿಂಗ್ ಹಾಗಾಗಿ ನಷ್ಟಕ್ಕೂ ದಾರಿಯಾಗಬಹುದು: ಪೂಲ್ ದೊಡ್ಡದು ಮಾಡಿ, ಬೇರೆ ಕಡೆ ಕಸ ಧಾರಾಳವಾಗಿ ಬೀಳಲು ಬಿಟ್ಟರೆ ನಿಲುಗಡೆಗಳು ಬರುತ್ತಲೇ ಇದ್ದು ಒಂದೊಂದೂ ಉದ್ದವಾಗಿರುತ್ತವೆ. ಅಂಕ ಬದಲಾದಾಗ ಮಾತ್ರ ಪಠ್ಯ ಬದಲಿಸುವುದು, ಪ್ರತಿ ಡಿಕ್ಕಿಗೂ `tag` ಓದಿ ಹೋಲಿಸುವ ಬದಲು `CompareTag` ಕರೆಯುವುದು, ಸುತ್ತಲಿನ ಶತ್ರುಗಳನ್ನು ಹುಡುಕುವಾಗ ಪ್ರತಿ ಸಲ ಹೊಸ ಪಟ್ಟಿ ಹಿಂತಿರುಗಿಸುವ ಆಜ್ಞೆಯ ಬದಲು ನಾವು ಕೊಟ್ಟ ಪಟ್ಟಿಯನ್ನೇ ತುಂಬಿಸುವುದನ್ನು ಬಳಸುವುದು, ಇಂಥ ಸಣ್ಣ ಸಣ್ಣ ಕೆಲಸಗಳನ್ನು ಮುಗಿಸಿದರೆ ಪೂಲಿನ ಶ್ರಮಕ್ಕೆ ಪೂರ್ತಿ ಫಲ.

2019ರಿಂದ ಯೂನಿಟಿಯಲ್ಲಿ ಇನ್‌ಕ್ರಿಮೆಂಟಲ್ ಗಾರ್ಬೇಜ್ ಕಲೆಕ್ಷನ್ ಬಂದಿದೆ. ಗುರುತು ಹಾಕುವ ಕೆಲಸವನ್ನು ಅದು ತುಂಡು ತುಂಡಾಗಿ ಹಲವು ಫ್ರೇಮುಗಳಿಗೆ ಹಂಚುತ್ತದೆ. ಅದಿದ್ದ ಮೇಲೆ ಪೂಲ್ ಏಕೆ ಎಂದು ಕೇಳುವವರಿದ್ದಾರೆ. 20 ಮಿಲಿಸೆಕೆಂಡಿನ ಒಂದು ಏಟು ಎರಡು ಮೂರು ಮಿಲಿಸೆಕೆಂಡಿನ ಹಲವು ಏಟುಗಳಾಗುವುದು ನಿಜ, ಮೊತ್ತ ಮಾತ್ರ ಕಡಿಮೆಯಾಗುವುದಿಲ್ಲ. ನಿಮ್ಮ ಫ್ರೇಮಿನಲ್ಲಿ ಆ ಎರಡು ಮೂರು ಮಿಲಿಸೆಕೆಂಡು ಬಿಡುವಿರಬೇಕು. ಹಂಚಿದ ಕೆಲಸ ಮುಗಿಯುವ ಮೊದಲೇ ಕಸ ಮತ್ತೆ ತುಂಬಿಬಿಟ್ಟರೆ ಅದು ಹಳೆಯ ದಾರಿಗೆ ಮರಳಿ ಎಲ್ಲವನ್ನೂ ನಿಲ್ಲಿಸುತ್ತದೆ. 36 ಗುಂಡುಗಳನ್ನು ಒಂದೇ ಫ್ರೇಮಿನಲ್ಲಿ ಹುಟ್ಟಿಸುವ ಖರ್ಚನ್ನಂತೂ ಅದು ಮುಟ್ಟುವುದೇ ಇಲ್ಲ. ಎರಡನ್ನೂ ಇಟ್ಟುಕೊಳ್ಳುವುದೇ ಸರಿ.

ಗುಂಡುಗಳ ಸಂಖ್ಯೆ ಹಲವು ಸಾವಿರಕ್ಕೆ ಏರಿದರೆ ಪೂಲ್ ಕೂಡ ಕೈಚೆಲ್ಲುತ್ತದೆ. ಆಗ ಕಸ ಇಲ್ಲದಿದ್ದರೂ, ಒಂದೊಂದು ಗುಂಡಿಗೂ ಒಂದೊಂದು `Update` ಕರೆ, ಒಂದೊಂದು ಸಲ ಮಲಗಿಸಿ ಎಬ್ಬಿಸುವ ಖರ್ಚು ಸೇರಿ ಫ್ರೇಮನ್ನು ತಿನ್ನುತ್ತವೆ. ಅಲ್ಲಿ ಗುಂಡನ್ನು ಆಟದ ವಸ್ತುವಾಗಿ ಇಡುವುದನ್ನೇ ಬಿಟ್ಟು, ಜಾಗ, ವೇಗ, ವಯಸ್ಸು ಮಾತ್ರವಿರುವ `struct`ಗಳ ಒಂದು ಉದ್ದನೆಯ ಸಾಲನ್ನಾಗಿ ಮಾಡಿ, ಒಂದೇ ಲೂಪ್‌ನಲ್ಲಿ ಸರಿಸಿ, ಒಟ್ಟಿಗೆ ಚಿತ್ರಿಸುತ್ತಾರೆ. ಸತ್ತ ಗುಂಡಿನ ಜಾಗಕ್ಕೆ ಸಾಲಿನ ಕೊನೆಯದನ್ನು ತಂದಿಟ್ಟು ಎಣಿಕೆಯನ್ನು ಒಂದು ಇಳಿಸಿದರೆ ಕೆಲಸ ಮುಗಿಯಿತು. ಇನ್ನೊಂದು ತುದಿಯಲ್ಲಿ, ಹಂತಕ್ಕೊಮ್ಮೆ ಮಾತ್ರ ಬರುವ ದೊಡ್ಡ ಶತ್ರುವಿಗೆ ಪೂಲ್ ಕಟ್ಟುವವರನ್ನೂ ನೋಡಿದ್ದೇನೆ. ಅಲ್ಲಿ ಉಳಿತಾಯವಾಗುವುದು ಏನೂ ಇಲ್ಲ, ತೊಳೆಯುವ ಕೆಲಸ ಮಾತ್ರ ಹೆಚ್ಚುವರಿ.

ಹಂತ ಮುಗಿದು ಪರದೆ ಕಪ್ಪಾಗಿರುವ ಹೊತ್ತು ಮನೆಗೆಲಸಕ್ಕೆ ಒಳ್ಳೆಯ ಸಮಯ. ಮುಂದಿನ ಹಂತಕ್ಕೆ ಬೇಡದ ಪೂಲ್‌ಗಳನ್ನು `pool.Clear()` ಎಂದು ಖಾಲಿ ಮಾಡಿ, ಬೇಕಾದವನ್ನು ತುಂಬಿಸಿ, ಕೊನೆಗೆ `System.GC.Collect()` ಎಂದು ಕಲೆಕ್ಟರ್‌ನನ್ನು ನಾವೇ ಕರೆದು ಕೆಲಸ ಮುಗಿಸಿಕೊಳ್ಳಬಹುದು. ಆಟಗಾರ ನೀರು ಕುಡಿಯುತ್ತಿರುವಾಗ ಅದು 20 ಮಿಲಿಸೆಕೆಂಡು ತೆಗೆದುಕೊಳ್ಳಲಿ, 200 ತೆಗೆದುಕೊಳ್ಳಲಿ, ಕೇಳುವವರಿಲ್ಲ.